ಗುಂಪು ಮಾಡಿದ ದತ್ತಾಂಶದಿಂದ ಮಧ್ಯಾಂಕ, ಬಹುಲಕ ಅಂದಾಜು: ಪಟ್ಟಿಯಿಂದ ಓಜೀವ್‌ವರೆಗೆ

ಅಸೈನ್‌ಮೆಂಟ್‌ನಲ್ಲಿ ಒಂದು ಆವೃತ್ತಿ ಪಟ್ಟಿ ಕೊಟ್ಟು "ಮಧ್ಯಾಂಕ ಮತ್ತು ಬಹುಲಕವನ್ನು ಅಂದಾಜಿಸಿ, ಓಜೀವ್ ಎಳೆದು ತಾಳೆ ನೋಡಿ" ಎಂದಿದ್ದರೆ ಹೆಚ್ಚಿನವರು ನೇರವಾಗಿ ಸೂತ್ರಕ್ಕೆ ಕೈ ಹಾಕುತ್ತಾರೆ. ಸೂತ್ರ ಸರಿಯಾಗಿಯೇ ಇರುತ್ತದೆ, ಅದರೊಳಗೆ ಹಾಕಿದ ಸಂಖ್ಯೆಗಳು ತಪ್ಪಿರುತ್ತವೆ. ಕೆಳಮಿತಿಯಲ್ಲಿ ಅರ್ಧ ಹೆಚ್ಚಾಗಿರುತ್ತದೆ, ಇಲ್ಲವೇ ಬಹುಲಕದ ವರ್ಗವನ್ನೇ ತಪ್ಪಾಗಿ ಆರಿಸಿರುತ್ತಾರೆ. ಇವೆರಡನ್ನೂ ತಪ್ಪಿಸಲು ಓಜೀವ್ ಒಳ್ಳೆಯ ದಾರಿ. ಮಧ್ಯಾಂಕ ಆ ರೇಖೆಯ ಎತ್ತರದಲ್ಲಿದೆ, ಬಹುಲಕ ಅದರ ಏರಿನಲ್ಲಿದೆ. ಇಷ್ಟು ಹಿಡಿತಕ್ಕೆ ಬಂದರೆ ಸೂತ್ರಗಳನ್ನು ಬಾಯಿಪಾಠ ಮಾಡುವ ಕೆಲಸವೇ ಇರುವುದಿಲ್ಲ.

ಒಂದೇ ಪಟ್ಟಿಯನ್ನು ಹಿಡಿದು ಕೊನೆಯವರೆಗೂ ಹೋಗೋಣ. 80 ಮಂದಿ ಒಂದು ಕೆಲಸ ಮುಗಿಸಲು ತೆಗೆದುಕೊಂಡ ಸಮಯವನ್ನು ಹತ್ತಿರದ ಪೂರ್ಣ ನಿಮಿಷಕ್ಕೆ ಬರೆದಿಟ್ಟಿದ್ದಾರೆ ಎಂದುಕೊಳ್ಳಿ. ನಮಗೆ ಸಿಕ್ಕಿರುವುದು ಇಷ್ಟೇ:

| ಸಮಯ (ನಿಮಿಷ) | ಆವೃತ್ತಿ |
|---|---|
| 10–14 | 6 |
| 15–19 | 11 |
| 20–24 | 19 |
| 25–29 | 14 |
| 30–39 | 21 |
| 40–59 | 9 |

ಬೇಕೆಂದೇ ಸ್ವಲ್ಪ ತೊಡಕಿನ ಪಟ್ಟಿ ಆರಿಸಿದ್ದೇನೆ. ವರ್ಗಗಳ ನಡುವೆ ಬಿರುಕಿದೆ, ಕೊನೆಯ ಎರಡು ವರ್ಗಗಳು ಉಳಿದವುಗಳಿಗಿಂತ ಅಗಲವಾಗಿವೆ. 0–10, 10–20 ಎಂದು ನೀಟಾಗಿ ಸಾಗುವ ಪಟ್ಟಿ ಬಂದರೆ ಅದು ಇದಕ್ಕಿಂತ ಸುಲಭವೇ.

## ಮೊದಲ ಹೆಜ್ಜೆ: ವರ್ಗಗಳ ನಿಜವಾದ ಗಡಿ

14ಕ್ಕೆ ಒಂದು ವರ್ಗ ಮುಗಿದು 15ಕ್ಕೆ ಇನ್ನೊಂದು ಶುರುವಾಗುತ್ತದೆ. ಹಾಗಾದರೆ 14.3 ನಿಮಿಷ ತೆಗೆದುಕೊಂಡವರು ಎಲ್ಲಿ ಹೋದರು? ಹತ್ತಿರದ ನಿಮಿಷಕ್ಕೆ ಬರೆದಿರುವುದರಿಂದ ಅವರು 14 ಆಗಿ ಮೊದಲ ವರ್ಗ ಸೇರಿದ್ದಾರೆ. 14.7 ಆಗಿದ್ದರೆ 15 ಆಗಿ ಎರಡನೆಯದಕ್ಕೆ ಹೋಗುತ್ತಿದ್ದರು. ಅಂದರೆ ನಿಜವಾದ ಗಡಿ 14.5ರಲ್ಲಿದೆ. ಹೀಗೆಯೇ ಮುಂದುವರಿದರೆ ಗಡಿಗಳು 9.5, 14.5, 19.5, 24.5, 29.5, 39.5, 59.5. ವರ್ಗಾಂತರದ ಗಾತ್ರವನ್ನೂ ಈ ಗಡಿಗಳಿಂದಲೇ ಎಣಿಸಬೇಕು. 10–14ರ ಗಾತ್ರ 14 − 10 = 4 ಅಲ್ಲ, 14.5 − 9.5 = 5.

ಇಲ್ಲಿ ಒಂದು ಎಚ್ಚರಿಕೆ. ಬಿರುಕು ಕಂಡ ಕೂಡಲೇ 0.5 ಕಳೆಯುವುದು ಯಾಂತ್ರಿಕ ಅಭ್ಯಾಸವಾಗಬಾರದು, ಅಳತೆಯನ್ನು ಹೇಗೆ ಬರೆದಿದ್ದಾರೆ ಎಂಬುದನ್ನು ನೋಡಿ ನಿರ್ಧರಿಸಬೇಕು. ವಯಸ್ಸಿನ ಉದಾಹರಣೆ ತೆಗೆದುಕೊಳ್ಳಿ. 24 ವರ್ಷ 11 ತಿಂಗಳಾದವರೂ ತಮ್ಮ ವಯಸ್ಸು 24 ಎಂದೇ ಹೇಳುತ್ತಾರೆ. ಹಾಗಾಗಿ ವಯಸ್ಸಿನ ಪಟ್ಟಿಯಲ್ಲಿ 20–24 ಎಂದರೆ 20ರಿಂದ 25ರವರೆಗೆ, 19.5ರಿಂದ 24.5ರವರೆಗೆ ಅಲ್ಲ. ಯಾವ ಗಡಿಯನ್ನು ಏಕೆ ಆರಿಸಿದಿರಿ ಎಂದು ಒಂದು ಸಾಲು ಬರೆದುಬಿಡಿ. ತಿದ್ದುವವರಿಗೆ ನಿಮ್ಮ ಲೆಕ್ಕದ ಬುಡ ಕಾಣಿಸುತ್ತದೆ.

## ಎರಡನೇ ಹೆಜ್ಜೆ: ಎರಡು ಹೊಸ ಕಾಲಂ

ಈಗ ಪಟ್ಟಿಗೆ ಸಂಚಿತ ಆವೃತ್ತಿ ಮತ್ತು ಆವೃತ್ತಿ ಸಾಂದ್ರತೆ ಸೇರಿಸಿ. ಸಂಚಿತ ಆವೃತ್ತಿ ಎಂದರೆ ಮೇಲಿನಿಂದ ಅಲ್ಲಿಯವರೆಗಿನ ಒಟ್ಟು ಮೊತ್ತ. ಸಾಂದ್ರತೆ ಎಂದರೆ ಆವೃತ್ತಿಯನ್ನು ವರ್ಗಾಂತರದ ಗಾತ್ರದಿಂದ ಭಾಗಿಸಿದ್ದು, ಒಂದು ನಿಮಿಷದ ಅಗಲಕ್ಕೆ ಎಷ್ಟು ಮಂದಿ ಎಂಬುದು.

| ಗಡಿಗಳು | ಗಾತ್ರ | ಆವೃತ್ತಿ | ಸಂಚಿತ ಆವೃತ್ತಿ | ಸಾಂದ್ರತೆ |
|---|---|---|---|---|
| 9.5–14.5 | 5 | 6 | 6 | 1.2 |
| 14.5–19.5 | 5 | 11 | 17 | 2.2 |
| 19.5–24.5 | 5 | 19 | 36 | 3.8 |
| 24.5–29.5 | 5 | 14 | 50 | 2.8 |
| 29.5–39.5 | 10 | 21 | 71 | 2.1 |
| 39.5–59.5 | 20 | 9 | 80 | 0.45 |

ಸಂಚಿತ ಆವೃತ್ತಿಯ ಕೊನೆಯ ಸಾಲು ಒಟ್ಟು ಸಂಖ್ಯೆಗೆ, ಇಲ್ಲಿ 80ಕ್ಕೆ, ಸಮವಾಗಲೇಬೇಕು. ಆಗದಿದ್ದರೆ ಮುಂದೆ ಹೋಗಬೇಡಿ, ಕೂಡಿದ್ದರಲ್ಲೇ ತಪ್ಪಿದೆ.

## ಮೂರನೇ ಹೆಜ್ಜೆ: ಓಜೀವ್ ಎಳೆಯುವುದು

x-ಅಕ್ಷದಲ್ಲಿ ಸಮಯ, y-ಅಕ್ಷದಲ್ಲಿ ಸಂಚಿತ ಆವೃತ್ತಿ. ಗುರುತಿಸಬೇಕಾದ ಬಿಂದುಗಳು (9.5, 0), (14.5, 6), (19.5, 17), (24.5, 36), (29.5, 50), (39.5, 71), (59.5, 80).

ಪ್ರತಿ ಸಂಚಿತ ಆವೃತ್ತಿಯನ್ನೂ ವರ್ಗದ ಮೇಲಿನ ಗಡಿಯ ಮೇಲೆ ಇಟ್ಟಿದ್ದೇವೆ, ಮಧ್ಯಬಿಂದುವಿನ ಮೇಲಲ್ಲ. 36 ಎಂಬ ಸಂಖ್ಯೆ ಹೇಳುವುದು "24.5 ನಿಮಿಷದೊಳಗೆ 36 ಮಂದಿ ಮುಗಿಸಿದ್ದಾರೆ" ಎಂದು. 22 ನಿಮಿಷದ ಹೊತ್ತಿಗೇ ಆ 36 ಮಂದಿಯೂ ಮುಗಿಸಿದ್ದರು ಎನ್ನಲು ನಮ್ಮ ಬಳಿ ಆಧಾರವಿಲ್ಲ. ಆವೃತ್ತಿ ಬಹುಭುಜ ಎಳೆಯುವಾಗ ಮಧ್ಯಬಿಂದು ಬಳಸಿದ ಕೈ ಇಲ್ಲಿಯೂ ಅದನ್ನೇ ಮಾಡಿಬಿಡುತ್ತದೆ. ಆಗ ರೇಖೆ ಎಡಕ್ಕೆ ಅರ್ಧ ವರ್ಗದಷ್ಟು ಸರಿಯುತ್ತದೆ, ನಮ್ಮ ಪಟ್ಟಿಯಲ್ಲಿ ಮಧ್ಯಾಂಕ 2.5 ನಿಮಿಷ ಕಡಿಮೆ ಬರುತ್ತದೆ. ಸೂತ್ರದ ಉತ್ತರಕ್ಕೂ ಗ್ರಾಫಿನ ಉತ್ತರಕ್ಕೂ ಸರಿಯಾಗಿ ಅರ್ಧ ವರ್ಗದ ವ್ಯತ್ಯಾಸ ಕಂಡರೆ ಇದೇ ಕಾರಣ ಎಂದು ತಿಳಿಯಿರಿ.

(9.5, 0) ಬಿಂದುವನ್ನು ಬಿಡಬೇಡಿ, ರೇಖೆ ಅಲ್ಲಿಂದಲೇ ಹೊರಡಬೇಕು. ಮೂಲಬಿಂದುವಿಗೆ ಅದನ್ನು ಎಳೆದು ಕಟ್ಟುವುದೂ ಬೇಡ. ಹಾಗೆ ಮಾಡಿದರೆ 5 ನಿಮಿಷದಲ್ಲೇ ಕೆಲಸ ಮುಗಿಸಿದವರಿದ್ದಾರೆ ಎಂದಂತಾಗುತ್ತದೆ.

x-ಅಕ್ಷದಲ್ಲಿ 1 ಸೆಂ.ಮೀ.ಗೆ 5 ನಿಮಿಷ ಎಂಬ ಅಳತೆ ಇಟ್ಟರೆ ಗ್ರಾಫ್ ಹಾಳೆಯ ಒಂದು ಚಿಕ್ಕ ಮನೆ, ಅಂದರೆ 1 ಮಿ.ಮೀ., ಅರ್ಧ ನಿಮಿಷ. ಹಾಗಾಗಿ ಗ್ರಾಫಿನಿಂದ ಓದಿದ ಉತ್ತರವನ್ನು ಅರ್ಧ ನಿಮಿಷಕ್ಕಿಂತ ನಿಖರವಾಗಿ ಬರೆಯುವುದರಲ್ಲಿ ಅರ್ಥವಿಲ್ಲ. ಗ್ರಾಫ್ ನೋಡಿ "25.93" ಎಂದು ಬರೆದವರು ಸೂತ್ರದ ಉತ್ತರವನ್ನು ಇಲ್ಲಿಗೆ ತಂದು ಅಂಟಿಸಿದ್ದಾರೆ ಎಂಬುದು ಯಾರಿಗೂ ಗೊತ್ತಾಗುತ್ತದೆ.

## ನಾಲ್ಕನೇ ಹೆಜ್ಜೆ: ಮಧ್ಯಾಂಕ

y-ಅಕ್ಷದಲ್ಲಿ n/2 = 40 ಗುರುತಿಸಿ. ಅಲ್ಲಿಂದ ಅಡ್ಡಗೆರೆ ಎಳೆದು, ಓಜೀವ್‌ಗೆ ತಾಗಿದಲ್ಲಿಂದ ಕೆಳಕ್ಕೆ ಲಂಬ ಇಳಿಸಿ. x-ಅಕ್ಷದಲ್ಲಿ ಸುಮಾರು 26 ಸಿಗುತ್ತದೆ. ಈ ಎರಡು ಗೆರೆಗಳನ್ನು ಚುಕ್ಕೆಗೆರೆಯಾಗಿ ಗ್ರಾಫಿನಲ್ಲಿ ಹಾಗೆಯೇ ಉಳಿಸಿ. ನೀವು ಓದಿಯೇ ಉತ್ತರ ಬರೆದಿದ್ದೀರಿ ಎಂಬುದಕ್ಕೆ ಅವೇ ಸಾಕ್ಷಿ.

ಇನ್ನು ಸೂತ್ರ:

```
ಮಧ್ಯಾಂಕ = l + ((n/2 − cf) / f) × h
```

l ಎಂದರೆ ಮಧ್ಯಾಂಕವಿರುವ ವರ್ಗದ ಕೆಳಗಡಿ, cf ಅದರ ಹಿಂದಿನ ವರ್ಗದವರೆಗಿನ ಸಂಚಿತ ಆವೃತ್ತಿ, f ಆ ವರ್ಗದ ಆವೃತ್ತಿ, h ಅದರ ಗಾತ್ರ. 40 ಮೊದಲ ಬಾರಿಗೆ ದಾಟುವುದು 24.5–29.5ರಲ್ಲಿ. ಹಿಂದಿನವರೆಗೆ 36 ಆಗಿದೆ, ಈ ವರ್ಗ ಮುಗಿದಾಗ 50.

```
ಮಧ್ಯಾಂಕ = 24.5 + ((40 − 36) / 14) × 5
        = 24.5 + 1.43
        = 25.93 ನಿಮಿಷ
```

ಈ ಸೂತ್ರ ಮಾಡುತ್ತಿರುವುದೂ ಗ್ರಾಫಿನಲ್ಲಿ ನೀವು ಮಾಡಿದ್ದನ್ನೇ. (24.5, 36) ಮತ್ತು (29.5, 50) ಬಿಂದುಗಳನ್ನು ಸರಳರೇಖೆಯಿಂದ ಸೇರಿಸಿದ್ದೀರಿ. ಆ ರೇಖೆ 14 ಮೆಟ್ಟಿಲು ಏರುವಷ್ಟರಲ್ಲಿ 5 ನಿಮಿಷ ಮುಂದೆ ಸಾಗುತ್ತದೆ. ನಮಗೆ 36ರಿಂದ 40ಕ್ಕೆ, ಅಂದರೆ 4 ಮೆಟ್ಟಿಲು ಸಾಕು. ಆದ್ದರಿಂದ 5 ನಿಮಿಷದ 14ರಲ್ಲಿ 4 ಪಾಲು ಮುಂದೆ ಹೋಗುತ್ತೇವೆ. ಇದರ ಹಿಂದಿರುವ ಊಹೆಯೂ ಒಂದೇ: ಆ ವರ್ಗದ 14 ಮಂದಿ ವರ್ಗದ ಉದ್ದಕ್ಕೂ ಸಮವಾಗಿ ಹರಡಿದ್ದಾರೆ. ಅಸೈನ್‌ಮೆಂಟ್‌ನಲ್ಲಿ "ಇದನ್ನು ಅಂದಾಜು ಎನ್ನುವುದೇಕೆ?" ಎಂದು ಕೇಳಿದ್ದರೆ ಈ ಊಹೆಯೇ ಅದಕ್ಕೆ ಉತ್ತರ.

ಕೆಳಗಡಿಯಾಗಿ 24.5 ಬದಲು 25 ಹಾಕಿದರೆ ಉತ್ತರ 26.43 ಆಗುತ್ತದೆ, ನೇರವಾಗಿ ಅರ್ಧ ನಿಮಿಷ ಹೆಚ್ಚು. cf ಜಾಗದಲ್ಲಿ ಅದೇ ವರ್ಗದ 50 ಹಾಕಿದರೆ ಆವರಣದೊಳಗೆ ಋಣ ಸಂಖ್ಯೆ ಬರುತ್ತದೆ, ಉತ್ತರ 24.5ಕ್ಕಿಂತ ಕೆಳಗೆ ಬೀಳುತ್ತದೆ. ಉತ್ತರ ತಾನಿರಬೇಕಾದ ವರ್ಗದ ಒಳಗೇ ಇದೆಯೇ ಎಂದು ನೋಡುವ ಒಂದು ಕ್ಷಣದ ಪರೀಕ್ಷೆ ಈ ಎರಡನೇ ತಪ್ಪನ್ನು ಹಿಡಿಯುತ್ತದೆ. ಮೊದಲನೆಯದನ್ನು ಮಾತ್ರ ಅದು ಹಿಡಿಯುವುದಿಲ್ಲ.

n/2 ಹಾಕಬೇಕೋ (n+1)/2 ಹಾಕಬೇಕೋ ಎಂಬ ಗೊಂದಲ ಸದಾ ಇರುವುದೇ. ಬಿಡಿ ಸಂಖ್ಯೆಗಳನ್ನು ಸಾಲಾಗಿ ನಿಲ್ಲಿಸಿ ನಡುವಿನವರನ್ನು ಹುಡುಕುವಾಗ (n+1)/2 ಸರಿ. ಇಲ್ಲಿ ನಾವು ನಿರಂತರ ರೇಖೆಯೊಂದನ್ನು ಅರ್ಧ ಎತ್ತರದಲ್ಲಿ ಕತ್ತರಿಸುತ್ತಿದ್ದೇವೆ, ಹಾಗಾಗಿ n/2. ಅನುಮಾನವಿದ್ದರೆ ಅಧಿಕ ವಿಧಾನದ ಓಜೀವ್ ಅನ್ನೂ ಅದೇ ಹಾಳೆಯಲ್ಲಿ ಎಳೆಯಿರಿ: (9.5, 80), (14.5, 74), (19.5, 63), (24.5, 44), (29.5, 30), (39.5, 9), (59.5, 0). ಯಾವ x ಆದರೂ ಅದಕ್ಕಿಂತ ಕಡಿಮೆಯವರು, ಹೆಚ್ಚಿನವರು ಸೇರಿ 80. ಆದ್ದರಿಂದ ಎರಡು ರೇಖೆಗಳು ಸೇರುವ ಎತ್ತರ 40 ಆಗಲೇಬೇಕು, 40.5 ಆಗಲು ಸಾಧ್ಯವಿಲ್ಲ.

## ಐದನೇ ಹೆಜ್ಜೆ: ಬಹುಲಕದ ವರ್ಗ ಯಾವುದು?

ಕೆಲವು ಪುಸ್ತಕಗಳು ರೂಢಿಬೆಲೆ ಎನ್ನುವ ಬಹುಲಕಕ್ಕೆ ಬರೋಣ. ಆವೃತ್ತಿಯ ಕಾಲಂ ನೋಡಿದರೆ ಎಲ್ಲಕ್ಕಿಂತ ದೊಡ್ಡದು 21, ಅದು 30–39ರಲ್ಲಿದೆ. ಅಲ್ಲೇ ನಿಂತುಬಿಟ್ಟರೆ ಮುಂದಿನದೆಲ್ಲ ಕೆಟ್ಟಿತು. ಆ ವರ್ಗ 10 ನಿಮಿಷ ಅಗಲ, 20–24 ಬರೀ 5 ನಿಮಿಷ ಅಗಲ. ದೊಡ್ಡ ಬುಟ್ಟಿಯಲ್ಲಿ ಹೆಚ್ಚು ಹಣ್ಣು ಹಿಡಿಸಿದ ಮಾತ್ರಕ್ಕೆ ಅಲ್ಲಿ ಹಣ್ಣು ಒತ್ತಾಗಿದೆ ಎನ್ನಲಾಗದು. ಬಹುಲಕ ಕೇಳುವುದು ಒತ್ತು ಎಲ್ಲಿ ಹೆಚ್ಚು ಎಂದು. ಅದನ್ನು ಹೇಳುವುದು ಸಾಂದ್ರತೆಯ ಕಾಲಂ: 20–24ರಲ್ಲಿ ನಿಮಿಷಕ್ಕೆ 3.8 ಮಂದಿ, 30–39ರಲ್ಲಿ 2.1 ಮಾತ್ರ. ಹೀಗಾಗಿ ಬಹುಲಕದ ವರ್ಗ 19.5–24.5.

ಓಜೀವ್ ಇದನ್ನು ಕಣ್ಣಿಗೇ ತೋರಿಸುತ್ತದೆ. ಪ್ರತಿ ತುಂಡಿನ ಇಳಿಜಾರು ಎಂದರೆ ಆವೃತ್ತಿಯನ್ನು ಗಾತ್ರದಿಂದ ಭಾಗಿಸಿದ್ದು, ಅದೇ ಸಾಂದ್ರತೆ. ಹಾಳೆಯನ್ನು ತುಸು ದೂರ ಹಿಡಿದು ನೋಡಿ, 19.5ರಿಂದ 24.5ರ ತುಂಡು ಎಲ್ಲಕ್ಕಿಂತ ಕಡಿದಾಗಿ ಏರಿದೆ. 29.5ರಿಂದ 39.5ರ ತುಂಡು 21 ಮೆಟ್ಟಿಲು ಏರಿದೆ ನಿಜ, ಆದರೆ ಓರೆಯಾಗಿ, ನಿಧಾನವಾಗಿ. ಎಲ್ಲ ವರ್ಗಗಳೂ ಒಂದೇ ಗಾತ್ರದವಾಗಿದ್ದರೆ ದೊಡ್ಡ ಆವೃತ್ತಿ ಮತ್ತು ದೊಡ್ಡ ಸಾಂದ್ರತೆ ಒಂದೇ ವರ್ಗದಲ್ಲಿ ಬರುತ್ತವೆ, ಸಾಂದ್ರತೆಯ ಕಾಲಂ ಬೇಕಾಗುವುದಿಲ್ಲ.

## ಆರನೇ ಹೆಜ್ಜೆ: ಬಹುಲಕದ ಬೆಲೆ

```
ಬಹುಲಕ = l + ((f1 − f0) / (2·f1 − f0 − f2)) × h
```

f1 ಬಹುಲಕದ ವರ್ಗದ ಆವೃತ್ತಿ, f0 ಅದರ ಹಿಂದಿನದು, f2 ಮುಂದಿನದು. ಮೂರೂ ವರ್ಗಗಳ ಗಾತ್ರ ಒಂದೇ ಆಗಿದ್ದರೆ ಮಾತ್ರ ಆವೃತ್ತಿಗಳನ್ನು ನೇರವಾಗಿ ಹಾಕಬಹುದು, ಇಲ್ಲವಾದರೆ ಮೂರೂ ಕಡೆ ಸಾಂದ್ರತೆ ಹಾಕಬೇಕು. ನಮ್ಮಲ್ಲಿ ಮೂರೂ 5ರ ಗಾತ್ರದವು.

```
ಬಹುಲಕ = 19.5 + ((19 − 11) / (38 − 11 − 14)) × 5
      = 19.5 + (8/13) × 5
      = 22.58 ನಿಮಿಷ
```

ಸಾಂದ್ರತೆ ಹಾಕಿದರೂ 1.6/2.6, ಅಂದರೆ ಅದೇ 8/13. 30–39ನ್ನು ಬಹುಲಕದ ವರ್ಗ ಎಂದುಕೊಂಡು ಕಚ್ಚಾ ಆವೃತ್ತಿಗಳನ್ನೇ ಹಾಕಿದ್ದರೆ 33.18 ಬರುತ್ತಿತ್ತು, ಹತ್ತು ನಿಮಿಷಕ್ಕೂ ಮೀರಿದ ತಪ್ಪು. ಅದೂ ತನ್ನ ವರ್ಗದ ಒಳಗೇ ಬರುವುದರಿಂದ ನೋಡಲು ಸರಿಯಾದ ಉತ್ತರದ ಹಾಗೆಯೇ ಇರುತ್ತದೆ.

ಈ ಸೂತ್ರದ ಚಿತ್ರ ಇರುವುದು ಹಿಸ್ಟೋಗ್ರಾಂನಲ್ಲಿ. ಸಾಂದ್ರತೆಯನ್ನು ಎತ್ತರವಾಗಿಟ್ಟು ಮೂರು ಆಯತ ಎಳೆಯಿರಿ. ಬಹುಲಕದ ಆಯತದ ಮೇಲಿನ ಎಡ ಮೂಲೆಯಿಂದ ಮುಂದಿನ ಆಯತದ ಮೇಲಿನ ಎಡ ಮೂಲೆಗೆ ಒಂದು ಗೆರೆ. ಬಹುಲಕದ ಆಯತದ ಮೇಲಿನ ಬಲ ಮೂಲೆಯಿಂದ ಹಿಂದಿನ ಆಯತದ ಮೇಲಿನ ಬಲ ಮೂಲೆಗೆ ಇನ್ನೊಂದು. ಎರಡೂ ಒಂದನ್ನೊಂದು ಕತ್ತರಿಸಿದಲ್ಲಿಂದ ಲಂಬ ಇಳಿಸಿದರೆ x-ಅಕ್ಷದಲ್ಲಿ 22.5ರ ಆಸುಪಾಸು ಸಿಗುತ್ತದೆ. ಪಕ್ಕದ ಎರಡು ಆಯತಗಳಲ್ಲಿ ಯಾವುದು ಎತ್ತರವೋ ಅದರ ಕಡೆಗೆ ಬಹುಲಕ ವಾಲುತ್ತದೆ. ನಮ್ಮಲ್ಲಿ ಬಲಗಡೆಯದು (2.8) ಎಡಗಡೆಯದಕ್ಕಿಂತ (2.2) ಎತ್ತರ, ಆದ್ದರಿಂದ ಉತ್ತರ ವರ್ಗದ ನಡುವಾದ 22ನ್ನು ದಾಟಿ ಬಲಕ್ಕೆ ಬಂದಿದೆ. f0, f2 ಅದಲುಬದಲಾದರೆ ಉತ್ತರ ಎಡಕ್ಕೆ ವಾಲುತ್ತದೆ, ಅದರಿಂದಲೇ ತಪ್ಪು ಗೊತ್ತಾಗುತ್ತದೆ.

ಬಹುಲಕವನ್ನು ಓಜೀವ್‌ನಿಂದಲೇ ಓದಲು ಆಗುವುದಿಲ್ಲವೇ? ಸರಳರೇಖೆಯ ತುಂಡುಗಳಿಂದ ಎಳೆದ ಓಜೀವ್‌ನಲ್ಲಿ ವರ್ಗವಷ್ಟೇ ಸಿಗುತ್ತದೆ, ಏಕೆಂದರೆ ಆ ತುಂಡಿನ ಉದ್ದಕ್ಕೂ ಏರು ಒಂದೇ ಸಮನಾಗಿದೆ. ನುಣುಪಾದ ವಕ್ರರೇಖೆ ಎಳೆದಿದ್ದರೆ ಸ್ಕೇಲನ್ನು ರೇಖೆಗೆ ತಾಗಿಸಿ ಜಾರಿಸುತ್ತಾ ಅದು ಅತಿ ಕಡಿದಾಗಿ ನಿಲ್ಲುವ ಜಾಗ ಹುಡುಕಬಹುದು. ಆದರೆ ಕೈಯಲ್ಲಿ ಎಳೆದ ವಕ್ರರೇಖೆಯ ಬಾಗು ಒಬ್ಬರಿಂದ ಒಬ್ಬರಿಗೆ ಬೇರೆಯಾಗುವುದರಿಂದ ಅದನ್ನು ನಾನು "22 ಮತ್ತು 23ರ ನಡುವೆ" ಎಂಬುದಕ್ಕಿಂತ ನಿಖರವಾಗಿ ಬರೆಯುವುದಿಲ್ಲ.

## ಪಟ್ಟಿಯೇ ಇಲ್ಲದೆ ಓಜೀವ್ ಮಾತ್ರ ಕೊಟ್ಟಿದ್ದರೆ

ಮಧ್ಯಾಂಕ ನೇರ ಓದು. ಬಹುಲಕಕ್ಕೆ ಪಟ್ಟಿಯನ್ನು ಹಿಂದಿನಿಂದ ಕಟ್ಟಬೇಕು: ಪ್ರತಿ ಗಡಿಯ ಮೇಲೆ ರೇಖೆಯ ಎತ್ತರ ಓದಿ, ಪಕ್ಕಪಕ್ಕದ ಎತ್ತರಗಳನ್ನು ಕಳೆದರೆ ಆವೃತ್ತಿ ಸಿಗುತ್ತದೆ. ಕಳೆಯುವಾಗ ಓದಿನ ತಪ್ಪು ಎರಡು ವರ್ಗಗಳಿಗೆ ಹರಡುತ್ತದೆ. 24.5ರ ಮೇಲೆ 36 ಇದ್ದದ್ದನ್ನು 35 ಎಂದು ಓದಿದಿರಿ ಎನ್ನಿ. 19 ಹೋಗಿ 18 ಆಗುತ್ತದೆ, 14 ಹೋಗಿ 15 ಆಗುತ್ತದೆ. ಬಹುಲಕ 22.58ರಿಂದ 23.0ಕ್ಕೆ, ಮಧ್ಯಾಂಕ 25.93ರಿಂದ 26.17ಕ್ಕೆ ಸರಿಯುತ್ತದೆ. ಇಂಥ ಪ್ರಶ್ನೆಯಲ್ಲಿ ಎರಡು ದಶಮಾಂಶ ಸ್ಥಾನ ಬರೆಯುವುದು ಬೇಡ.

## ಯಾವ ಉತ್ತರವನ್ನು ಎಷ್ಟು ನಂಬಬಹುದು

ಅಂಕ ಕೊಡುವವರು ಹೆಚ್ಚಾಗಿ ಹುಡುಕುವುದು ಈ ಭಾಗವನ್ನು, ಬರೆಯುವವರು ಬಿಟ್ಟುಬಿಡುವುದೂ ಇದನ್ನೇ. ಮಧ್ಯಾಂಕದ ಬಗ್ಗೆ ಒಂದು ಮಾತನ್ನು ಖಚಿತವಾಗಿ ಹೇಳಬಹುದು. ಸಾಲಿನಲ್ಲಿ 37ರಿಂದ 50ನೇ ಸ್ಥಾನದವರೆಗಿನವರೆಲ್ಲ 25–29ರ ವರ್ಗದಲ್ಲಿದ್ದಾರೆ. 40 ಮತ್ತು 41ನೆಯವರೂ ಅಲ್ಲೇ ಇರುವುದರಿಂದ ಮೂಲ ದತ್ತಾಂಶದ ಮಧ್ಯಾಂಕ ಆ ವರ್ಗದಿಂದ ಹೊರಗೆ ಹೋಗುವಂತಿಲ್ಲ.

ಬಹುಲಕಕ್ಕೆ ಈ ಭದ್ರತೆ ಇಲ್ಲ. 20–24ರ 19 ಮಂದಿ 4, 4, 4, 4, 3 ಎಂದು ಹರಡಿಕೊಂಡು, 30–39ರ 21 ಮಂದಿಯಲ್ಲಿ ಹತ್ತು ಮಂದಿ ಸರಿಯಾಗಿ 30ರಲ್ಲೇ ಕೂತಿದ್ದರೆ ಮೂಲ ದತ್ತಾಂಶದ ಬಹುಲಕ 30. ನಮ್ಮ 22.58 ಅದರ ಹತ್ತಿರವೂ ಇಲ್ಲ. ಅಂದರೆ ನಾವು ಅಂದಾಜಿಸಿದ್ದು ಒಟ್ಟಾರೆ ಹಂಚಿಕೆಯ ಶಿಖರವನ್ನು, ಅತಿ ಹೆಚ್ಚು ಸಲ ಬಂದ ಸಂಖ್ಯೆಯನ್ನಲ್ಲ.

ವರ್ಗಗಳನ್ನು ಬದಲಿಸಿ ನೋಡಿದರೆ ಇದು ಇನ್ನೂ ಸ್ಪಷ್ಟ. ಮೊದಲ ನಾಲ್ಕು ವರ್ಗಗಳನ್ನು ಎರಡೆರಡಾಗಿ ಸೇರಿಸಿ 10–19 (17), 20–29 (33) ಮಾಡಿ, ಮುಂದಿನ 30–39 (21) ಹಾಗೆಯೇ ಇರಲಿ. ಬಹುಲಕ ಈಗ 19.5 + (16/28) × 10 = 25.21. ಮಧ್ಯಾಂಕ 19.5 + (23/33) × 10 = 26.47. ದತ್ತಾಂಶ ಅದೇ, ಜನರೂ ಅವರೇ. ಮಧ್ಯಾಂಕ ಅರ್ಧ ನಿಮಿಷ ಸರಿದರೆ ಬಹುಲಕ ಎರಡೂವರೆ ನಿಮಿಷಕ್ಕೂ ಹೆಚ್ಚು ಜಾರಿತು. ಬಹುಲಕದ ಜೊತೆ "ಈ ವರ್ಗೀಕರಣದಲ್ಲಿ" ಎಂಬ ಮಾತು ಸೇರಿಸಬೇಕಾದದ್ದು ಈ ಕಾರಣಕ್ಕೆ.

ತಾಳೆ ನೋಡಲು ಸರಾಸರಿಯನ್ನೂ ಹಾಕಿಕೊಳ್ಳಿ. ಮಧ್ಯಬಿಂದುಗಳು 12, 17, 22, 27, 34.5, 49.5. ಆವೃತ್ತಿಯಿಂದ ಗುಣಿಸಿ ಕೂಡಿದರೆ 2225, ಅದನ್ನು 80ರಿಂದ ಭಾಗಿಸಿದರೆ 27.81. ಬಹುಲಕ 22.58, ಮಧ್ಯಾಂಕ 25.93, ಸರಾಸರಿ 27.81 ಎಂಬ ಈ ಏರಿಕೆಯ ಕ್ರಮ ಬಲಕ್ಕೆ ಬಾಲವಿರುವ ಹಂಚಿಕೆಯಲ್ಲಿ ಸಾಮಾನ್ಯವಾಗಿ ಕಾಣುವಂಥದ್ದು. ನಮ್ಮ ಓಜೀವ್ ಕೂಡ ಬಲತುದಿಯಲ್ಲಿ ಉದ್ದಕ್ಕೆ ಚಪ್ಪಟೆಯಾಗಿ ಮುಗಿದಿದೆ. ಕಾರ್ಲ್ ಪಿಯರ್ಸನ್ ಹೆಸರಿನ ಅನುಭವಜನ್ಯ ಸಂಬಂಧ, 3 × ಮಧ್ಯಾಂಕ − 2 × ಸರಾಸರಿ, ಇಲ್ಲಿ 22.16 ಕೊಡುತ್ತದೆ. ಅದು 22.58ರ ಹತ್ತಿರದಲ್ಲೇ ಇದೆ. ತಪ್ಪು ವರ್ಗದಿಂದ ಬಂದ 33.18 ಈ ಪರೀಕ್ಷೆಯಲ್ಲಿ ತಕ್ಷಣ ಸಿಕ್ಕಿಬೀಳುತ್ತಿತ್ತು. ಆದರೆ ಈ ಸಂಬಂಧ ತುಸು ಓರೆಯಾದ, ಒಂದೇ ಶಿಖರದ ಹಂಚಿಕೆಗಷ್ಟೇ ಹೊಂದುತ್ತದೆ. ಅದನ್ನು ತಾಳೆಗೆ ಬಳಸಿ, ಉತ್ತರವಾಗಿ ಬರೆಯಬೇಡಿ.

ಕೊನೆಯ ವರ್ಗ "40 ಮತ್ತು ಮೇಲೆ" ಎಂದು ತೆರೆದಿದ್ದರೆ ಗಾಬರಿ ಬೇಡ. ಮಧ್ಯಾಂಕ ಮತ್ತು ಬಹುಲಕದ ಲೆಕ್ಕ ಆ ವರ್ಗದ ತುದಿಯನ್ನು ಮುಟ್ಟುವುದೇ ಇಲ್ಲ, ಎರಡೂ ಹಾಗೆಯೇ ಉಳಿಯುತ್ತವೆ. ಸರಾಸರಿಗೆ ಮಾತ್ರ ತುದಿಯನ್ನು ಊಹಿಸಬೇಕಾಗುತ್ತದೆ, ಓಜೀವ್ ಅನ್ನು 39.5ರಲ್ಲೇ ನಿಲ್ಲಿಸಬೇಕಾಗುತ್ತದೆ. ಬಹುಲಕದ ವರ್ಗವೇ ಪಟ್ಟಿಯ ಮೊದಲನೆಯದಾಗಿದ್ದರೆ f0 ಜಾಗದಲ್ಲಿ 0 ಹಾಕಿ. ಸಾಂದ್ರತೆಯ ಕಾಲಂನಲ್ಲಿ ಒಂದಕ್ಕೊಂದು ದೂರವಿರುವ ಎರಡು ಶಿಖರಗಳು ಕಂಡರೆ ಸೂತ್ರವನ್ನು ಪಕ್ಕಕ್ಕಿಟ್ಟು, ಎರಡೂ ವರ್ಗಗಳನ್ನು ಹೆಸರಿಸಿ ಹಂಚಿಕೆ ದ್ವಿಬಹುಲಕ ಎಂದು ಬರೆಯಿರಿ.